ಪ್ಯೂರಿಫೈಯರ್ ಸರ್ವಿಸ್‌ಗೆ ಒಬ್ರೂ ಬರ್ಲಿಲ್ಲ, ಆದ್ರೂ ಎಎಂಸಿ ತಾನಾಗೇ ರಿನ್ಯೂ ಆಯ್ತಾ? ರದ್ದು ಮಾಡ್ಸಿ ದುಡ್ಡು ವಾಪಸ್ ತಗೊಳ್ಳೋದು ಹೀಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ನಂಗೆ ಪದೇ ಪದೇ ಬರೋ ಪ್ರಶ್ನೆ ಇದು. ವಾಟರ್ ಪ್ಯೂರಿಫೈಯರ್‌ಗೆ ಎಎಂಸಿ ತಗೊಂಡಿದ್ವಿ, ವರ್ಷ ಪೂರ್ತಿ ಒಬ್ಬ ಟೆಕ್ನೀಷಿಯನ್ನೂ ಮನೆ ಬಾಗ್ಲಿಗೆ ಬರ್ಲಿಲ್ಲ, ಬಿಡೋಣ ಅಂತ ಸುಮ್ನಿದ್ರೆ ಈಗ ಅಕೌಂಟಿಂದ ಇನ್ನೊಂದ್ ವರ್ಷದ ದುಡ್ಡು ಕಟ್ಟಾಗಿದೆ, ಏನ್ ಮಾಡೋದು ಅಂತ. ಒಬ್ಬೊಬ್ರಿಗೂ ಬೇರೆ ಬೇರೆ ಉತ್ತರ ಬರಿಯೋ ಬದ್ಲು ಪೂರ್ತಿ ದಾರಿ ಇಲ್ಲೇ ಒಂದ್ಕಡೆ ಬರ್ದಿಟ್ಟಿದೀನಿ.

ಎಎಂಸಿ ಅಂದ್ರೆ ವಾರ್ಷಿಕ ನಿರ್ವಹಣೆ ಕರಾರು. ವರ್ಷಕ್ಕೆ ಇಷ್ಟು ದುಡ್ಡು ಕೊಡಿ, ಇಷ್ಟು ಸಲ ಬಂದು ಕ್ಲೀನ್ ಮಾಡ್ತೀವಿ, ಇಂತಿಂಥ ಫಿಲ್ಟರ್ ಹಾಕ್ತೀವಿ ಅಂತ ಕಂಪನಿ ಕೊಡೋ ಮಾತು. ಸುಮಾರು ಜನ ಇದನ್ನ ಇನ್ಶೂರೆನ್ಸ್ ತರ ಅಂದ್ಕೊಂಡಿರ್ತಾರೆ, ಕೆಟ್ಟೋದ್ರೆ ಮಾತ್ರ ಬರ್ತಾರೆ ಅಂತ. ಹಾಗಲ್ಲ, ನಿಮ್ಮ ಕರಾರಲ್ಲಿ ಮೂರು ವಿಸಿಟ್ ಅಂತ ಇದ್ರೆ ನೀವು ಕರೀಲಿ ಬಿಡ್ಲಿ ಮೂರು ಸಲ ಬರ್ಲೇಬೇಕು. ಬರ್ಲಿಲ್ಲ ಅಂದ್ರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅದು ಸೇವಾ ನ್ಯೂನತೆ, ಅಂದ್ರೆ ದುಡ್ಡು ತಗೊಂಡು ಒಪ್ಕೊಂಡ ಕೆಲ್ಸ ಮಾಡ್ದೇ ಇರೋದು.

ಈ ಕೇಸುಗಳಲ್ಲಿ ಜನ ಸೋಲೋದು ಕಾನೂನು ಗೊತ್ತಿಲ್ದೇ ಅಲ್ಲ. "ಬಂದಿಲ್ಲ" ಅನ್ನೋದನ್ನ ತೋರ್ಸೋದು ಹೇಗೆ ಅಂತ ಗೊತ್ತಾಗ್ದೇ ಸೋಲ್ತಾರೆ, ಯಾಕಂದ್ರೆ ಬಂದಿದ್ದಕ್ಕೆ ಸಹಿ ಇರತ್ತೆ, ಬರ್ದೇ ಇದ್ದಿದ್ದಕ್ಕೆ ಏನಿರತ್ತೆ? ಕೆಳಗಿರೋ ಎಲ್ಲಾ ಹಂತಗಳೂ ಸುತ್ತೋದು ಇದೇ ಮಾತಿನ ಸುತ್ತ.

ಉದಾಹರಣೆಗೆ ನಮ್ಮ ಕ್ಯಾತ್ಸಂದ್ರದ ಹತ್ರ ಇರೋ ಒಬ್ರು ರಿಟೈರ್ಡ್ ಮೇಷ್ಟ್ರ ಲೆಕ್ಕ ಇಟ್ಕೊಳ್ತೀನಿ. 2024ರ ಜೂನ್ 10ಕ್ಕೆ ಎಎಂಸಿ ತಗೊಂಡ್ರು, 3,500 ಪ್ಲಸ್ 18% ಜಿಎಸ್‌ಟಿ 630, ಒಟ್ಟು 4,130 ರೂಪಾಯಿ. ಮೂರು ವಿಸಿಟ್, ಒಂದ್ಸಲ ಸೆಡಿಮೆಂಟ್ ಮತ್ತೆ ಕಾರ್ಬನ್ ಫಿಲ್ಟರ್ ಬದ್ಲಾವಣೆ ಅಂತ ಮಾತು. ಯಾರೂ ಬರ್ಲಿಲ್ಲ. 2025ರ ಜೂನ್ 10ಕ್ಕೆ ಯುಪಿಐ ಆಟೋಪೇಯಿಂದ 3,700 ಪ್ಲಸ್ ಜಿಎಸ್‌ಟಿ 666, ಒಟ್ಟು 4,366 ಹೋಯ್ತು. ಎರಡೂ ಸೇರಿ 8,496 ರೂಪಾಯಿ.

ಮೊದ್ಲು ಇವಿಷ್ಟು ಎತ್ತಿಟ್ಕೊಳಿ

ಎಎಂಸಿ ಬಿಲ್ಲು (ಎರಡೂ ವರ್ಷದ್ದು, ಮೇಲ್‌ನಲ್ಲಿ ಅಥವಾ ಎಸ್ಸೆಮ್ಮೆಸ್ ಲಿಂಕಲ್ಲಿ ಬಂದಿರತ್ತೆ), ಕರಾರಿನ ಷರತ್ತುಗಳಿರೋ ಪೇಜು, ದುಡ್ಡು ಹೋಗಿರೋ ದಿನದ ಬ್ಯಾಂಕ್ ಸ್ಟೇಟ್‌ಮೆಂಟು, ಮೆಷಿನ್ ಜೊತೆ ಕೊಟ್ಟಿರೋ ಸರ್ವಿಸ್ ಕಾರ್ಡು. ಸರ್ವಿಸ್ ಕಾರ್ಡ್ ಅಂದ್ರೆ ಟೆಕ್ನೀಷಿಯನ್ ಬಂದಾಗೆಲ್ಲ ತಾರೀಕು ಹಾಕಿ ಸಹಿ ಮಾಡೋ ರಟ್ಟಿನ ಚೀಟಿ. ಅದು ಖಾಲಿ ಇದ್ರೆ ಬಿಸಾಕ್ಬೇಡಿ, ಖಾಲಿ ಇರೋದೇ ಅದರ ಬೆಲೆ.

1. ಮೊದ್ಲು ಮ್ಯಾಂಡೇಟ್ ನಿಲ್ಸಿ, ಜಗಳ ಆಮೇಲೆ

ಮ್ಯಾಂಡೇಟ್ ಅಂದ್ರೆ "ನನ್ನ ಅಕೌಂಟಿಂದ ಇಂತಿಷ್ಟು ದುಡ್ಡನ್ನ ನೀನೇ ತಗೋಬೋದು" ಅಂತ ನೀವು ಹಿಂದೆ ಯಾವಾಗ್ಲೋ ಕೊಟ್ಟಿರೋ ಒಪ್ಪಿಗೆ. ಮೊದಲ ವರ್ಷ ದುಡ್ಡು ಕಟ್ಟೋವಾಗ ಸ್ಕ್ರೀನಲ್ಲಿ ಸಣ್ಣ ಅಕ್ಷರದಲ್ಲಿ ಟಿಕ್ ಹಾಕಿರೋ ಬಾಕ್ಸ್ ಇತ್ತಲ್ಲ, ಅದೇ. ಓಟಿಪಿ ಕೇಳ್ದೇ ಹೆಂಗೆ ದುಡ್ಡು ಹೋಯ್ತು ಅಂತ ಎಲ್ರೂ ಗಾಬರಿ ಬೀಳ್ತಾರೆ, ಕಾರಣ ಇಷ್ಟೇ, ಒಂದ್ಸಲ ಮ್ಯಾಂಡೇಟ್ ರಿಜಿಸ್ಟರ್ ಆದ್ಮೇಲೆ 15,000ದೊಳಗಿನ ಇಂಥ ಪಾವತಿಗೆ ಪ್ರತೀ ಸಲ ಓಟಿಪಿ ಬೇಕಿಲ್ಲ.

ಯುಪಿಐ ಆದ್ರೆ ನೀವು ಬಳ್ಸೋ ಆಪ್‌ನಲ್ಲಿ ಆಟೋಪೇ ಅಥವಾ ಮ್ಯಾಂಡೇಟ್ಸ್ ಅನ್ನೋ ಜಾಗ ಇರತ್ತೆ, ಅಲ್ಲಿ ಆ ಕಂಪನಿ ಹೆಸರು ಹುಡ್ಕಿ ಕ್ಯಾನ್ಸಲ್ ಕೊಟ್ಟು ಪಿನ್ ಹಾಕಿ. ಕ್ಯಾನ್ಸಲ್ ಮಾಡೋಕ್ ಮುಂಚೆ ಆ ಪೇಜಿನ ಸ್ಕ್ರೀನ್‌ಶಾಟ್ ತಗೊಳ್ಳಿ, ಶುರುವಾದ ದಿನ, ಗರಿಷ್ಠ ಮೊತ್ತ, ಮುಗಿಯೋ ದಿನ ಎಲ್ಲಾ ಅಲ್ಲಿರತ್ತೆ, ಆಮೇಲೆ ಬೇಕಾಗತ್ತೆ. ಕಾರ್ಡಿಂದ ಹೋಗಿದ್ರೆ ಬ್ಯಾಂಕಿನ ಆಪ್ ಅಥವಾ ನೆಟ್‌ಬ್ಯಾಂಕಿಂಗಲ್ಲಿ ಇ-ಮ್ಯಾಂಡೇಟ್ ಅಥವಾ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಅಂತಿರತ್ತೆ. ಸ್ಟೇಟ್‌ಮೆಂಟಲ್ಲಿ ನಾಚ್ ಅಥವಾ ಇಸಿಎಸ್ ಅಂತ ಬಂದಿದ್ರೆ ಬ್ರಾಂಚಿಗೆ ಹೋಗಿ ಮ್ಯಾಂಡೇಟ್ ರದ್ದು ಮಾಡಿ ಅಂತ ಅರ್ಜಿ ಬರ್ದು ಕೊಟ್ಟು, ಇನ್ನೊಂದು ಕಾಪಿ ಮೇಲೆ ಸೀಲು ಹಾಕಿಸ್ಕೊಂಡು ಬನ್ನಿ.

ಇಲ್ಲಿ ಎರಡು ತಪ್ಪು ತುಂಬಾ ಜನ ಮಾಡ್ತಾರೆ. ಕಂಪನಿ ಆಪನ್ನ ಫೋನಿಂದ ಡಿಲೀಟ್ ಮಾಡ್ಬಿಟ್ಟು ಮುಗೀತು ಅಂದ್ಕೊಳೋದು ಒಂದು, ಅದ್ರಿಂದ ಮ್ಯಾಂಡೇಟ್ ಅಲ್ಲಾಡೋದೂ ಇಲ್ಲ. ಇನ್ನೊಂದು, ಮ್ಯಾಂಡೇಟ್ ರದ್ದಾಯ್ತು ಅಂದ್ರೆ ಕರಾರೂ ರದ್ದಾಯ್ತು ಅಂದ್ಕೊಳೋದು. ಮ್ಯಾಂಡೇಟ್ ನಿಲ್ಸಿದ್ರೆ ಮುಂದಿನ ದುಡ್ಡು ಹೋಗಲ್ಲ ಅಷ್ಟೇ, ಹೋಗಿರೋ ದುಡ್ಡು ಬರಲ್ಲ, ಕಂಪನಿ ಕಡತದಲ್ಲಿ ನಿಮ್ಮ ಎಎಂಸಿ ಇನ್ನೂ ಜೀವಂತವಾಗೇ ಇರತ್ತೆ. ಅದಕ್ಕೆ ಮುಂದಿನ ಹಂತಗಳು.

ಇನ್ನೊಂದು ವಿಷ್ಯ ಹುಡ್ಕಿ ನೋಡಿ. ಇಂಥ ಆಟೋ ಪಾವತಿಗೆ ಕಮ್ಮಿ ಅಂದ್ರೆ 24 ಗಂಟೆ ಮುಂಚೆ, ಯಾರಿಗೆ, ಎಷ್ಟು, ಯಾವತ್ತು ಹೋಗತ್ತೆ ಅಂತ ಎಸ್ಸೆಮ್ಮೆಸ್ ಅಥವಾ ಮೇಲ್ ಬರ್ಬೇಕು ಅನ್ನೋದು ರಿಸರ್ವ್ ಬ್ಯಾಂಕ್ ನಿಯಮ. ಮೇಷ್ಟ್ರಿಗೆ ಬಂದಿತ್ತು, ಜೂನ್ 8ಕ್ಕೆ, ಮದ್ವೆ ಕಾಗದದ ಫಾರ್ವರ್ಡುಗಳ ಮಧ್ಯೆ ಕಾಣ್ದೇ ಹೋಗಿತ್ತು. ಬಂದಿದ್ರೆ ಮುಚ್ಚಿಡ್ಬೇಡಿ, ಬಂದಿತ್ತು ಆದ್ರೆ ನೋಡ್ಲಿಲ್ಲ ಅಂತ ನೇರವಾಗಿ ಬರೀರಿ, ಯಾಕಂದ್ರೆ ಮೆಸೇಜ್ ಬಂದಿದ್ದಕ್ಕೂ ಸರ್ವಿಸ್ ಮಾಡಿದ್ದಕ್ಕೂ ಸಂಬಂಧ ಇಲ್ಲ. ಬಂದೇ ಇಲ್ಲ ಅಂದ್ರೆ ಬ್ಯಾಂಕಿಗೆ ಬೇರೆ ದೂರು ಕೊಡಿ, 30 ದಿನದಲ್ಲಿ ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ ಹತ್ರ ಹೋಗ್ಬೋದು.

2. "ಬಂದಿಲ್ಲ" ಅನ್ನೋದಕ್ಕೆ ಸಾಕ್ಷಿ ಕಟ್ಟೋದು

ನಿಧಾನವಾಗಿ ಓದಿ, ಇದೇ ಮುಖ್ಯ.

ಗ್ರಾಹಕರ ಆಯೋಗದಲ್ಲಿ ಮೊದಲ ಹೊರೆ ನಿಮ್ಮ ಮೇಲೇ ಇರತ್ತೆ, ನ್ಯೂನತೆ ಆಗಿದೆ ಅಂತ ನೀವು ತೋರಿಸ್ಬೇಕು. ಆದ್ರೆ ಬರದೇ ಇದ್ದಿದ್ದನ್ನ ಪೂರ್ತಿ ಸಾಬೀತು ಮಾಡಿ ಅಂತ ಯಾರೂ ಕೇಳಲ್ಲ. ನೀವು ಪ್ರಮಾಣ ಮಾಡಿ ಹೇಳ್ಬೇಕು, ಕರೆ ಮಾಡಿದ್ದಕ್ಕೆ ದಾಖಲೆ ಕೊಡ್ಬೇಕು, ವಿಸಿಟ್ ರಿಪೋರ್ಟ್ ಕೊಡಿ ಅಂತ ಕಂಪನಿಯನ್ನ ಬರವಣಿಗೆಯಲ್ಲಿ ಕೇಳಿರ್ಬೇಕು. ಇಷ್ಟಾದ್ರೆ ಚೆಂಡು ಅವರ ಕಡೆ ಹೋಗತ್ತೆ. ಬಂದಿದೀವಿ ಅಂದ್ರೆ ಜಾಬ್ ಶೀಟ್, ಅಂದ್ರೆ ಟೆಕ್ನೀಷಿಯನ್ ಮಾಡಿದ ಕೆಲ್ಸದ ಚೀಟಿ, ಅದರ ಮೇಲೆ ನಿಮ್ಮ ಸಹಿ, ತಾರೀಕು, ಹಾಕಿದ ಪಾರ್ಟು ಎಲ್ಲಾ ಅವರ ಹತ್ರಾನೇ ಇರ್ಬೇಕಲ್ಲ. ಕೇಳಿದ್ರೂ ತೋರಿಸ್ಲಿಲ್ಲ ಅಂದ್ರೆ ಅದು ಅವರ ವಿರುದ್ಧ ಹೋಗತ್ತೆ.

ಕಂಪನಿ ಆಪ್‌ನಲ್ಲಿ ಸರ್ವಿಸ್ ಹಿಸ್ಟರಿ ಅಂತ ಇದ್ರೆ ಈವತ್ತೇ ತೆಗ್ದು ಸ್ಕ್ರೀನ್‌ಶಾಟ್ ತಗೊಳ್ಳಿ, ದೂರು ಹೋದ್ಮೇಲೆ ಲಾಗಿನ್ನೇ ಆಗ್ದೇ ಇರ್ಬೋದು. ಮೇಷ್ಟ್ರು ತೆಗ್ದು ನೋಡಿದ್ರೆ 2024ರ ನವೆಂಬರ್‌ನಲ್ಲಿ ಒಂದು ವಿಸಿಟ್ "ಕಂಪ್ಲೀಟೆಡ್" ಅಂತ ತೋರಿಸ್ತಿತ್ತು! ಯಾರೂ ಬಂದಿರ್ಲಿಲ್ಲ. ಆಗಿದ್ದೇನು ಅಂದ್ರೆ ಆ ದಿನ ಟೆಕ್ನೀಷಿಯನ್ ಫೋನ್ ಮಾಡಿ "ಸಾರ್ ಇವತ್ತು ಬರಕ್ಕಾಗಲ್ಲ, ನಾಳೆ ಬರ್ತೀನಿ, ನಿಮ್ಗೊಂದು ಓಟಿಪಿ ಬಂದಿರತ್ತೆ ಹೇಳಿ, ಡೇಟ್ ಚೇಂಜ್ ಮಾಡ್ಬೇಕು" ಅಂದಿದ್ದ, ಇವ್ರು ಹೇಳ್ಬಿಟ್ಟಿದ್ರು. ಅದು ಡೇಟ್ ಬದ್ಲಾಯ್ಸೋ ಓಟಿಪಿ ಅಲ್ಲ, ಕೆಲ್ಸ ಮುಗೀತು ಅಂತ ಗ್ರಾಹಕರು ಒಪ್ಕೊಳೋ ಓಟಿಪಿ. ದಿನಕ್ಕೆ ಇಷ್ಟು ಕಾಲ್ ಮುಗಿಸ್ಬೇಕು ಅಂತ ಆ ಹುಡುಗರ ಮೇಲೂ ಒತ್ತಡ ಇರತ್ತೆ, ಅದು ನಂಗೂ ಅರ್ಥ ಆಗತ್ತೆ, ಆದ್ರೆ ಆ ನಾಲ್ಕು ಅಂಕಿ ಕೊಟ್ರೆ ನಿಮ್ಮ ಕೇಸಿನ ಅರ್ಧ ಜೀವ ಹೋಯ್ತು ಅಂತಾನೇ. ಮೆಷಿನ್ ಮುಂದೆ ಕೆಲ್ಸ ಮುಗ್ದು ನೀರು ಕುಡ್ದು ನೋಡೋವರ್ಗೂ ಓಟಿಪಿ ಹೇಳ್ಬೇಡಿ.

ಈಗಾಗ್ಲೇ ಕೊಟ್ಬಿಟ್ಟಿದ್ರೆ? ಇನ್ನೂ ದಾರಿ ಇದೆ. ಆ ಓಟಿಪಿ ಎಸ್ಸೆಮ್ಮೆಸ್ ಬಂದ ಟೈಮು, ಟೆಕ್ನೀಷಿಯನ್ ಕಾಲ್ ಬಂದ ಟೈಮು ಎರಡೂ ಮೆಸೇಜ್ ಲಿಸ್ಟು, ಕಾಲ್ ಲಾಗಿಂದ ತೆಗೀರಿ. ಮನೇಲಿ ನಿಂತು ಕೆಲ್ಸ ಮಾಡ್ತಿರೋನು ಅದೇ ಹೊತ್ತಲ್ಲಿ ನಿಮ್ಗೆ ಫೋನ್ ಮಾಡಿ ಓಟಿಪಿ ಕೇಳೋದಿಲ್ಲ ಅಲ್ವಾ. ಮೇಷ್ಟ್ರ ಫೋನಲ್ಲಿ 11.42ಕ್ಕೆ ಎಸ್ಸೆಮ್ಮೆಸ್, 11.43ಕ್ಕೆ ಎರಡು ನಿಮಿಷದ ಕಾಲ್ ಇತ್ತು, ಅದನ್ನೇ ದಾಖಲೆ ಮಾಡಿದ್ವಿ. ಜೊತೆಗೆ ಆ ಒಂದು ವಿಸಿಟಿನ ಜಾಬ್ ಶೀಟು, ಹಾಕಿದ ಪಾರ್ಟಿನ ವಿವರ ಕೊಡಿ ಅಂತ ಬೇರೆಯಾಗೇ ಕೇಳಿ.

ಆಮೇಲೆ ಮೆಷಿನ್ನು. ಮುಂದಿನ ಪಾರದರ್ಶಕ ಡಬ್ಬಿಯೊಳಗೆ ಕಾಣೋ ಸೆಡಿಮೆಂಟ್ ಫಿಲ್ಟರ್, ಅಂದ್ರೆ ಮಣ್ಣು ತಡೆಯೋ ಬಿಳಿ ದಾರದ ಉಂಡೆ, ಕಂದು ಬಣ್ಣಕ್ಕೆ ತಿರ್ಗಿದ್ರೆ ಫೋಟೋ ತೆಗೀರಿ, ಫಿಲ್ಟರ್ ಮೇಲೆ ತಾರೀಕಿನ ಸ್ಟಿಕ್ಕರ್ ಇದ್ರೆ ಅದೂ ಕಾಣ್ಲಿ. ಆದ್ರೆ ಮೆಷಿನ್ ಮುಚ್ಚಳ ಬಿಚ್ಬೇಡಿ, ಸಿಟ್ಟಲ್ಲಿ ಹೊರಗಿನ ಮೆಕ್ಯಾನಿಕ್ ಕರ್ಸಿ ಈಗ್ಲೇ ಫಿಲ್ಟರ್ ಬದ್ಲಾಯ್ಸಲೂ ಬೇಡಿ. "ಬೇರೆಯವ್ರು ಕೈ ಹಾಕಿದಾರೆ" ಅನ್ನೋಕೆ ಅವ್ರಿಗೊಂದು ನೆಪ ಸಿಗತ್ತೆ. ಕುಡಿಯೋ ನೀರಿಗೆ ತೊಂದ್ರೆ ಆಗಿದ್ರೆ ಸ್ವಲ್ಪ ದಿನ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿಸ್ಕೊಳ್ಳಿ. ಬದ್ಲಾಯ್ಸಲೇಬೇಕು ಅಂದ್ರೆ ಮೊದ್ಲು ವಿಡಿಯೋ ಮಾಡಿ, ಹಳೇ ಫಿಲ್ಟರನ್ನ ಕವರಲ್ಲಿ ಎತ್ತಿಡಿ, ಬಿಲ್ ತಗೊಳ್ಳಿ.

ಟಿಡಿಎಸ್ ಮೀಟರ್ ಬಗ್ಗೆ ಸುಮಾರು ಜನ ಕೇಳ್ತಾರೆ. ನೀರಲ್ಲಿ ಕರಗಿರೋ ಲವಣದ ಅಳತೆ ಅದು. ನಮ್ಮ ಮೂರೂ ಜಿಲ್ಲೆಗಳಲ್ಲಿ ಆಳದ ಬೋರ್‌ವೆಲ್ ನೀರು ಗಡಸು, ಆರ್‌ಓ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟೋದು ಬೇಗ, ಸರ್ವಿಸ್ ತಪ್ಪಿದ್ರೆ ಏಟು ಬೀಳೋದೂ ಬೇಗ. ಚೆನ್ನಾಗಿರೋ ಮೆಂಬ್ರೇನ್ ಸುಮಾರು 90% ಲವಣ ತಡೆಯತ್ತೆ, ಒಳಗೆ 900 ಹೋದ್ರೆ ಹೊರಗೆ 90ರ ಆಸುಪಾಸು. ಹೊರಗೆ 350 ತೋರಿಸ್ತಿದ್ರೆ ಮೆಂಬ್ರೇನ್ ಹೋಗಿರ್ಬೋದು. ಆದ್ರೆ ಎಚ್ಚರ, ಸುಮಾರು ಮೆಷಿನ್‌ಗಳಲ್ಲಿ ರುಚಿಗೋಸ್ಕರ ಸ್ವಲ್ಪ ನೀರನ್ನ ಮೆಂಬ್ರೇನ್ ದಾಟಿಸ್ದೇ ಬೆರ್ಸೋ ವ್ಯವಸ್ಥೆ ಇರತ್ತೆ, ಆಗ ರೀಡಿಂಗ್ ಜಾಸ್ತಿ ಬಂದ್ರೂ ಅದು ಕೆಟ್ಟಿದೆ ಅಂತಲ್ಲ. ಅದಕ್ಕೇ ರೀಡಿಂಗನ್ನ ಜೊತೆ ಸಾಕ್ಷಿಯಾಗಿ ಇಟ್ಕೊಳ್ಳಿ, ಅದೊಂದನ್ನೇ ನಂಬ್ಕೊಂಡು ಹೋಗ್ಬೇಡಿ. ಪಾವಗಡ ಕಡೆಯವ್ರು ಇನ್ನೊಂದು ತಿಳ್ಕೊಳ್ಳಿ, ಟಿಡಿಎಸ್ ಮೀಟರ್ ಫ್ಲೋರೈಡ್ ತೋರ್ಸಲ್ಲ, ಅದಕ್ಕೆ ನೀರಿನ ಲ್ಯಾಬಲ್ಲೇ ಪರೀಕ್ಷೆ ಆಗ್ಬೇಕು.

ಕೊನೇಗೆ ಒಂದು ಹಾಳೇಲಿ ಕೈಬರಹದಲ್ಲೇ ತಾರೀಕಿನ ಪಟ್ಟಿ ಮಾಡಿ. ಯಾವತ್ತು ಕಾಲ್ ಮಾಡಿದ್ರಿ, ಯಾವ ನಂಬರಿಗೆ, ದೂರಿನ ನಂಬರ್ ಏನು ಕೊಟ್ರು, ಏನಂದ್ರು. ಮೇಷ್ಟ್ರ ಪಟ್ಟೀಲಿ ಐದು ಕಾಲ್ ಇದ್ವು, ಮೂರಕ್ಕೆ ದೂರಿನ ನಂಬರ್ ಇತ್ತು. ಹಳೇ ಫೋನ್ ಬದ್ಲಾಯ್ಸೋ ಪ್ಲಾನ್ ಇದ್ರೆ ಮುಂದೂಡಿ, ಒರಿಜಿನಲ್ ಮೆಸೇಜ್ ಇರೋ ಫೋನ್ ಇದ್ರೇನೇ ಸ್ಕ್ರೀನ್‌ಶಾಟಿಗೆ ಬಲ.

3. ಕಂಪನಿಗೆ ಬರವಣಿಗೆಯಲ್ಲಿ ಒಂದು ಪತ್ರ

ಕಸ್ಟಮರ್ ಕೇರ್‌ಗೆ ಹತ್ತು ಸಲ ಕಾಲ್ ಮಾಡಿ ಗಂಟ್ಲು ಒಣಗಿಸ್ಕೊಳೋದಕ್ಕಿಂತ ಒಂದು ಪತ್ರ ಮೇಲು. ಮೇಲ್ ಮಾಡಿ, ಅದೇ ಪತ್ರಾನ ಸ್ಪೀಡ್ ಪೋಸ್ಟಲ್ಲೂ ಕಳ್ಸಿ, ರಸೀದಿ ಇಟ್ಕೊಳ್ಳಿ, ತಲುಪಿದೆ ಅನ್ನೋ ಟ್ರ್ಯಾಕಿಂಗ್ ಪೇಜ್ ಪ್ರಿಂಟ್ ತೆಗೀರಿ. ಯಾರಿಗೆ ಕಳ್ಸೋದು ಅನ್ನೋದರಲ್ಲಿ ಜನ ಎಡವ್ತಾರೆ. ಮೆಷಿನ್ ಮೇಲಿರೋ ಬ್ರಾಂಡ್ ಹೆಸರು ಬೇರೆ, ಬಿಲ್ ಹಾಕಿರೋ ಕಂಪನಿ ಹೆಸರು ಬೇರೆ ಇರ್ಬೋದು, ಎಎಂಸಿ ಮಾರಿರೋದು ನಿಮ್ಮೂರಿನ ಫ್ರಾಂಚೈಸಿನೂ ಆಗಿರ್ಬೋದು. ಬಿಲ್ಲಲ್ಲಿ ಜಿಎಸ್‌ಟಿ ನಂಬರ್ ಪಕ್ಕ ಇರೋ ಹೆಸರೇ ನಿಮ್ಮ ಎದುರಾಳಿ. ಅನುಮಾನ ಇದ್ರೆ ಇಬ್ರಿಗೂ ಕಳ್ಸಿ.

ಪತ್ರ ಉದ್ದ ಬೇಡ, ಬೈಗುಳ ಬೇಡ, ಕೋರ್ಟಿಗೆ ಎಳೀತೀನಿ ಅಂತ ಹೆದರ್ಸೋದೂ ಬೇಡ. ಇಷ್ಟು ಸಾಕು:

> ವಿಷಯ: ಎಎಂಸಿ ಸಂಖ್ಯೆ ……… ರದ್ದತಿ ಮತ್ತು ಹಣ ವಾಪಸಾತಿ ಬಗ್ಗೆ
>
> 10-06-2024ರಂದು ರೂ. 4,130 ಪಾವತಿಸಿ ಎಎಂಸಿ ಪಡೆದಿದ್ದೇನೆ. ಕರಾರಿನಂತೆ ಮೂರು ಭೇಟಿ ಮತ್ತು ಒಂದು ಬಾರಿ ಫಿಲ್ಟರ್ ಬದಲಾವಣೆ ಆಗಬೇಕಿತ್ತು. ಒಂದು ಭೇಟಿಯೂ ಆಗಿಲ್ಲ. ನಾನು ಕರೆ ಮಾಡಿದ ದಿನಗಳು ಮತ್ತು ದೂರಿನ ಸಂಖ್ಯೆಗಳು ಲಗತ್ತಿನಲ್ಲಿವೆ.
>
> 10-06-2025ರಂದು ನನ್ನನ್ನು ಕೇಳದೆ ಎಎಂಸಿ ನವೀಕರಿಸಿ ರೂ. 4,366 ಕಡಿತ ಮಾಡಲಾಗಿದೆ. ಈ ನವೀಕರಣಕ್ಕೆ ನನ್ನ ಒಪ್ಪಿಗೆ ಇಲ್ಲ. ಇದನ್ನು ರದ್ದು ಮಾಡಿ.
>
> 15 ದಿನಗಳೊಳಗೆ (1) ಎರಡೂ ವರ್ಷಗಳ ಪ್ರತಿ ಭೇಟಿಯ ನನ್ನ ಸಹಿ ಇರುವ ಜಾಬ್ ಶೀಟ್, (2) ನವೀಕರಣಕ್ಕೆ ನಾನು ಒಪ್ಪಿದ ದಾಖಲೆ ಕಳುಹಿಸಿ. (3) ಒಟ್ಟು ರೂ. 8,496 ಅನ್ನು ನನ್ನ ಬ್ಯಾಂಕ್ ಖಾತೆಗೆ ವಾಪಸ್ ಮಾಡಿ.
>
> ರದ್ದತಿ ಕೇಳಿರುವುದರಿಂದ ಈ ಎಎಂಸಿ ಅಡಿಯಲ್ಲಿ ಇನ್ನು ಮುಂದೆ ಟೆಕ್ನೀಷಿಯನ್ ಕಳುಹಿಸುವುದು ಬೇಡ.

ಕೊನೇ ಸಾಲು ಸುಮ್ನೆ ಹಾಕಿದ್ದಲ್ಲ. ಪತ್ರ ಹೋದ ಎರಡ್ಮೂರು ದಿನದಲ್ಲಿ ವರ್ಷದಿಂದ ಕಾಣದ ಟೆಕ್ನೀಷಿಯನ್ ಬಾಗ್ಲಲ್ಲಿ ನಿಂತಿರ್ತಾನೆ, ಫಿಲ್ಟರ್ ಬದ್ಲಾಯ್ಸಿ ಸಹಿ ತಗೊಂಡು ಹೋಗ್ತಾನೆ, ಆಮೇಲೆ ಕಂಪನಿ "ಎರಡನೇ ವರ್ಷದ ಸೇವೆ ಬಳಸ್ಕೊಂಡಿದಾರೆ, ರೀಫಂಡ್ ಆಗಲ್ಲ" ಅನ್ನತ್ತೆ. ಮೇಷ್ಟ್ರ ಮನೆಗೆ ನಾಲ್ಕನೇ ದಿನಕ್ಕೆ ಬಂದ. ಅವರು ಕೂರ್ಸಿ ಕಾಫಿ ಕೊಟ್ಟು, ಸರ್ವಿಸ್ ಬೇಡಪ್ಪ ಅಂತ ವಾಪಸ್ ಕಳ್ಸಿ, ಅದನ್ನೂ ಮೇಲ್ ಮಾಡಿದ್ರು. ಹುಡುಗನ ಜೊತೆ ಜಗಳ ಆಡೋ ಅಗತ್ಯ ಇಲ್ಲ.

ಕಂಪನಿಯಿಂದ ಬರೋ ಉತ್ತರಗಳು ಸಾಮಾನ್ಯವಾಗಿ ಒಂದೇ ತರ ಇರ್ತವೆ. "ನಾನ್ ರೀಫಂಡಬಲ್ ಅಂತ ಷರತ್ತಲ್ಲಿದೆ" ಅಂತಾರೆ. ಆ ಷರತ್ತು ನಿಮ್ಗೆ ಮನಸ್ಸು ಬದ್ಲಾದ್ರೆ ಅನ್ವಯ ಆಗತ್ತೆ ಅಂತ ವಾದ ಮಾಡ್ಬೋದೇ ಹೊರತು, ಅವರೇ ಕೆಲ್ಸ ಮಾಡ್ದೇ ಇದ್ದಾಗ ಅಡಗ್ಕೊಳೋ ಗೋಡೆ ಅಲ್ಲ ಅಂತ ಬರೀರಿ. "ಜಿಎಸ್‌ಟಿ ಸರ್ಕಾರಕ್ಕೆ ಕಟ್ಟಾಗಿದೆ, ಅದು ಕೊಡಕ್ಕಾಗಲ್ಲ" ಅಂತಾರೆ. ಸರಿಯಲ್ಲ, ಸೇವೆ ಕೊಡ್ದೇ ಇದ್ರೆ ಕ್ರೆಡಿಟ್ ನೋಟ್ ಹಾಕಿ ಆ ತೆರಿಗೆ ಹೊಂದಿಸ್ಕೊಳೋ ದಾರಿ ಜಿಎಸ್‌ಟಿ ಕಾನೂನಲ್ಲೇ ಇದೆ, ಆದ್ರೆ ಅದಕ್ಕೂ ಗಡುವಿದೆ, ಆ ಹಣಕಾಸು ವರ್ಷ ಮುಗಿದ ಮೇಲೆ ಬರೋ ನವೆಂಬರ್ 30. ಮೇಷ್ಟ್ರ 2025ರ ಜೂನ್ ಬಿಲ್ಲಿಗೆ ಅದು 2026ರ ನವೆಂಬರ್ 30 ಆಗತ್ತೆ, ಅದಕ್ಕೇ ತಡ ಮಾಡ್ಬೇಡಿ. ಇನ್ನೊಂದು, "ಒಂದು ವರ್ಷ ಫ್ರೀಯಾಗಿ ಎಕ್ಸ್‌ಟೆಂಡ್ ಮಾಡ್ಕೊಡ್ತೀವಿ". ಬರ್ದೇ ಇರೋರು ಫ್ರೀಯಾಗಿ ಬರ್ತಾರಾ, ನೀವೇ ಯೋಚ್ನೆ ಮಾಡಿ. ಫೋನಲ್ಲಿ "ಸರಿ ನೋಡೋಣ" ಅಂದ್ರೂ ಒಪ್ಪಿದಾರೆ ಅಂತ ಬರ್ಕೊಳ್ಳೋರಿದ್ದಾರೆ, ಏನಿದ್ರೂ ಮೇಲ್‌ನಲ್ಲಿ ಕಳ್ಸಿ ಅಂತ ಹೇಳಿ ಫೋನ್ ಇಡಿ.

4. 1915ಕ್ಕೆ ಕಾಲ್

15 ದಿನ ಆಯ್ತು, ಸರಿಯಾದ ಉತ್ತರ ಇಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡ್ಬೋದು. consumerhelpline.gov.in ನಲ್ಲೂ ದೂರು ಹಾಕಿ ದಾಖಲೆ ಲಗತ್ತಿಸ್ಬೋದು, ನನ್ನ ಪ್ರಕಾರ ಅದೇ ಮೇಲು, ಯಾಕಂದ್ರೆ ನಿಮ್ಮ ಮಾತಲ್ಲೇ ಇರತ್ತೆ. ಒಂದು ಡಾಕೆಟ್ ನಂಬರ್ ಕೊಡ್ತಾರೆ, ಅಂದ್ರೆ ದೂರಿನ ಕ್ರಮಸಂಖ್ಯೆ, ಬರ್ದಿಟ್ಕೊಳ್ಳಿ.

ಇದು ಕೋರ್ಟಲ್ಲ. ಅವ್ರು ನಿಮ್ಮ ದೂರನ್ನ ಕಂಪನಿಗೆ ಕಳ್ಸಿ ಉತ್ತರ ಕೇಳ್ತಾರೆ, ಕೊಡಲೇಬೇಕು ಅಂತ ಆದೇಶ ಮಾಡೋ ಅಧಿಕಾರ ಇಲ್ಲ. ಆದ್ರೂ ಸುಮಾರು ಕಂಪನಿಗಳು ಇಲ್ಲಿಗೆ ಬಂದಾಗ ಬಗ್ತಾವೆ. ಮೇಷ್ಟ್ರಿಗೂ ಇಲ್ಲೇ ಎರಡನೇ ವರ್ಷದ 4,366 ಪೂರ್ತಿ ಕೊಡ್ತೀವಿ ಅಂತ ಮೇಲ್ ಬಂತು, ಆದ್ರೆ ಕೆಳಗೆ ಒಂದು ಸಾಲು, "ಇದು ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್, ಒಪ್ಪಿಗೆ ಅಂತ ರಿಪ್ಲೈ ಮಾಡಿ". ಅಂದ್ರೆ ಇಷ್ಟು ತಗೊಂಡ್ರೆ ಮುಂದೆ ಏನೂ ಕೇಳಲ್ಲ ಅಂತ ಬರ್ಕೊಟ್ಟ ಹಾಗೆ. ಹಾಗೇ ಓಕೆ ಅಂದಿದ್ರೆ ಮೊದಲ ವರ್ಷದ 4,130 ಅಲ್ಲಿಗೇ ಮುಗೀತಿತ್ತು. ಅವ್ರು ಹೀಗೆ ಬರೆದ್ರು: "ಎರಡನೇ ವರ್ಷದ ಹಣ ಸ್ವೀಕರಿಸಲು ಒಪ್ಪಿದ್ದೇನೆ. ಮೊದಲ ವರ್ಷದ ಹಣ ಮತ್ತು ಪರಿಹಾರ ಕೇಳುವ ಹಕ್ಕನ್ನು ಬಿಟ್ಟುಕೊಟ್ಟಿಲ್ಲ." ದುಡ್ಡು ಹನ್ನೊಂದು ದಿನಕ್ಕೆ ಬಂತು. ಮೊದಲ ವರ್ಷದ್ದು ಬರ್ಲಿಲ್ಲ, ಅದಕ್ಕೆ ಐದನೇ ಹಂತಕ್ಕೆ ಹೋದ್ರು. ನಿಮ್ಗೆ ಅಷ್ಟೇ ಸಾಕು, ಓಡಾಟ ಬೇಡ ಅನ್ಸಿದ್ರೆ ಇಲ್ಲೇ ನಿಲ್ಲಿಸೋದೂ ತಪ್ಪಲ್ಲ, ಆದ್ರೆ ದುಡ್ಡು ಅಕೌಂಟಿಗೆ ಬಿದ್ದ ಮೇಲೆ ಮಾತ್ರ ಪರಿಹಾರ ಆಯ್ತು ಅಂತ ಒಪ್ಕೊಳ್ಳಿ.

5. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು

ಪೂರ್ತಿ ಹೆಸರು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗೆ ಇದೆ. ಕಂಪನಿ ಮುಂಬೈಯಲ್ಲಿದ್ರೂ, ಷರತ್ತಲ್ಲಿ "ಮುಂಬೈ ಕೋರ್ಟಲ್ಲಿ ಮಾತ್ರ" ಅಂತ ಇದ್ರೂ, ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡೋಕೆ 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಷರತ್ತಲ್ಲಿ ಆರ್ಬಿಟ್ರೇಷನ್, ಅಂದ್ರೆ ಕೋರ್ಟಿಗೆ ಹೋಗ್ದೇ ಮಧ್ಯಸ್ಥರ ಹತ್ರ ತೀರ್ಮಾನ, ಅಂತ ಇದ್ರೂ ಅದು ಗ್ರಾಹಕ ದೂರಿಗೆ ಅಡ್ಡ ಬರಲ್ಲ. ಕೊಟ್ಟಿರೋ ದುಡ್ಡು 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ. ವಕೀಲರನ್ನ ಇಟ್ಕೊಳ್ಳೋದು ಕಡ್ಡಾಯ ಅಲ್ಲ, ನೀವೇ ಹೋಗಿ ಹೇಳ್ಕೋಬೋದು. ನೇರವಾಗಿ ಆಫೀಸಲ್ಲಿ ಕೊಡ್ಬೋದು, ಇಲ್ಲಾಂದ್ರೆ e-jagriti.gov.in ನಲ್ಲಿ ಆನ್‌ಲೈನ್. ಎಷ್ಟು ಸೆಟ್ ಕಾಪಿ ಬೇಕು ಅಂತ ಆಯೋಗದ ಕಚೇರಿಲೇ ಒಂದ್ಸಲ ಕೇಳ್ಕೊಂಡು ಜೆರಾಕ್ಸ್ ಮಾಡ್ಸಿ, ಎದುರುದಾರರು ಎಷ್ಟು ಜನಾನೋ ಅಷ್ಟು ಸೆಟ್ ಅಂತೂ ಹೆಚ್ಗೆ ಬೇಕು.

ಗಡುವು ಎರಡು ವರ್ಷ. ಯಾವತ್ತಿಂದ ಎಣಿಸ್ಬೇಕು ಅನ್ನೋದರಲ್ಲಿ ವಾದ ಹುಟ್ಟತ್ತೆ, ಅದಕ್ಕೇ ನಿಮ್ಗೆ ತೀರಾ ಪ್ರತಿಕೂಲವಾದ ದಿನದಿಂದ, ಅಂದ್ರೆ ಮೊದಲ ದುಡ್ಡು ಕಟ್ಟಿದ ದಿನದಿಂದಲೇ ಎಣಿಸಿ ಅದರೊಳಗೆ ಹಾಕ್ಬಿಡಿ. ಮೇಷ್ಟ್ರ ಲೆಕ್ಕದಲ್ಲಿ 2026ರ ಜೂನ್ 10ಕ್ಕೆ ಮುಂಚೆ. ಸಹಾಯವಾಣಿಯಲ್ಲಿ ದೂರು ಇದೆಯಲ್ಲ ಅಂತ ಕಾಯ್ತಾ ಕೂತ್ರೆ ಈ ಗಡುವು ನಿಲ್ಲಲ್ಲ, ಎಷ್ಟೋ ಜನ ಇಲ್ಲೇ ಕಳ್ಕೊಂಡಿದಾರೆ.

ದೂರಲ್ಲಿ ಏನಿರ್ಬೇಕು? ನಿಮ್ಮ ವಿಳಾಸ, ಎದುರುದಾರರ ವಿಳಾಸ, ತಾರೀಕಿನ ಪ್ರಕಾರ ನಡೆದಿದ್ದು, ಏನು ಕೇಳ್ತೀರ ಅನ್ನೋದು, ದಾಖಲೆ ಪಟ್ಟಿ, ಜೊತೆಗೆ ನೋಟರಿ ಮುಂದೆ ಮಾಡ್ಸಿದ ಪ್ರಮಾಣಪತ್ರ. ಎದುರುದಾರರಾಗಿ ಕಂಪನಿ ಮತ್ತೆ ಲೋಕಲ್ ಫ್ರಾಂಚೈಸಿ ಇಬ್ರನ್ನೂ ಹಾಕಿ, ಟೆಕ್ನೀಷಿಯನ್ ಹುಡುಗನ್ನ ಹಾಕ್ಬೇಡಿ, ಅವನಿಂದ ನಿಮ್ಗೆ ಬರ್ಬೇಕಾದ್ದು ಏನಿಲ್ಲ.

ಇಲ್ಲೊಂದು ಗುಂಡಿ ಇದೆ, ಕಾಯ್ದೆ ಓದ್ಕೊಂಡಿರೋರೇ ಜಾಸ್ತಿ ಬೀಳೋದು. ಆಟೋ ರಿನ್ಯೂವಲ್ ಷರತ್ತೇ ಅನ್ಯಾಯದ್ದು ಅಂತ ಅನ್ಸತ್ತೆ, ಕಾಯ್ದೆಯಲ್ಲೂ ಅನ್ಯಾಯದ ಕರಾರು ಅನ್ನೋ ಪದ ಇದೆ, ಹಂಗಾಗಿ "ಈ ಕರಾರೇ ಅನ್ಯಾಯದ್ದು ಅಂತ ಘೋಷಿಸಿ" ಅಂತ ಬರ್ದುಬಿಡ್ತಾರೆ. ಆ ತರದ ದೂರನ್ನ ಕೇಳೋ ಅಧಿಕಾರ ಜಿಲ್ಲಾ ಆಯೋಗಕ್ಕಿಲ್ಲ, ಅದು ಬೆಂಗಳೂರಿನ ರಾಜ್ಯ ಆಯೋಗದ್ದು. ನಾಲ್ಕು ಸಾವಿರಕ್ಕೆ ನೀವು ಅಲ್ಲಿಗೆ ಯಾಕೆ ಹೋಗ್ಬೇಕು? "ಸೇವಾ ನ್ಯೂನತೆ" ಮತ್ತೆ "ಅನುಚಿತ ವ್ಯಾಪಾರ ಪದ್ಧತಿ" ಅಂತ ಎರಡೇ ಹಿಡೀರಿ. ಕೆಲ್ಸ ಮಾಡ್ಲಿಲ್ಲ ಅನ್ನೋದು ಮೊದಲನೇದು, ಮಾಡ್ದೇ ಇರೋ ವಿಸಿಟ್ ಮುಗೀತು ಅಂತ ತೋರ್ಸಿ ಮತ್ತೆ ದುಡ್ಡು ಎಳ್ಕೊಂಡಿದ್ದು ಎರಡನೇದು. ಆಪ್ ಅಥವಾ ವೆಬ್‌ಸೈಟಲ್ಲಿ ರದ್ದು ಮಾಡೋ ಜಾಗಾನೇ ಬಚ್ಚಿಟ್ಟಿದ್ರೆ, 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತಂದ ಮಾರ್ಗಸೂಚಿಯಲ್ಲಿ ಇದಕ್ಕೇ ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್ ಅಂತ ಹೆಸರಿಟ್ಟು ನಿಷೇಧಿಸಿದಾರೆ, ಅದನ್ನೂ ಒಂದು ಸಾಲು ಸೇರ್ಸಿ, ರದ್ದು ಆಯ್ಕೆ ಇಲ್ಲದ ಪೇಜಿನ ಸ್ಕ್ರೀನ್‌ಶಾಟ್ ಜೊತೆ.

ಕೇಳೋ ಮೊತ್ತ ನ್ಯಾಯವಾಗಿರ್ಲಿ. ಮೇಷ್ಟ್ರು ಕೇಳಿದ್ದು ಮೊದಲ ವರ್ಷದ 4,130, ಅದಕ್ಕೆ ಕಟ್ಟಿದ ದಿನದಿಂದ 9% ಬಡ್ಡಿ, ಓಡಾಟ ಮತ್ತೆ ಮಾನಸಿಕ ತೊಂದ್ರೆಗೆ 5,000, ದಾವೆ ಖರ್ಚು 3,000. ಎರಡು ಲಕ್ಷ ಪರಿಹಾರ ಅಂತ ಬರೆದ್ರೆ ನಿಮ್ಮ ನಿಜವಾದ ನಾಲ್ಕು ಸಾವಿರಾನೂ ಹಗುರ ಆಗೋಗತ್ತೆ. ಮೆಷಿನ್ ಅಂಗಡೀಲೋ ಹೋಟ್ಲಲ್ಲೋ ಇದ್ರೆ, ಅದು ನಿಮ್ಮ ಸ್ವಂತ ಜೀವನೋಪಾಯಕ್ಕೆ ನೀವೇ ನಡೆಸ್ತಿರೋದು ಅಂತ ದೂರಲ್ಲೇ ಬರೀರಿ, ಇಲ್ಲಾಂದ್ರೆ ವಾಣಿಜ್ಯ ಉದ್ದೇಶ, ನೀವು ಗ್ರಾಹಕರೇ ಅಲ್ಲ ಅನ್ನೋ ತಕರಾರು ಬರತ್ತೆ.

6. ದೂರು ಹಾಕಿದ ಮೇಲೆ

ದೂರು ದಾಖಲಾದ್ರೆ ಎದುರುದಾರರಿಗೆ ನೋಟಿಸ್ ಹೋಗತ್ತೆ. ನೋಟಿಸ್ ಮತ್ತೆ ದೂರಿನ ಕಾಪಿ ಸಿಕ್ಕಿದ ಮೇಲೆ ಅವ್ರು ಉತ್ತರ ಕೊಡೋಕೆ 30 ದಿನ, ಜಾಸ್ತಿ ಅಂದ್ರೆ ಇನ್ನು 15 ದಿನ. 45 ದಾಟಿದ ಮೇಲೆ ಉತ್ತರ ತಗೊಳ್ಳೋ ಹಾಗಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಅದಕ್ಕೇ ನೋಟಿಸ್ ತಲುಪಿದ ದಿನ ಬರ್ದಿಟ್ಕೊಂಡು ಎಣಿಸಿ, ತಡ ಆಗಿದ್ರೆ ಆಯೋಗದ ಗಮನಕ್ಕೆ ತನ್ನಿ. ಅವ್ರು ಬರಲೇ ಇಲ್ಲ ಅಂದ್ರೆ ಎಕ್ಸ್ ಪಾರ್ಟಿ, ಅಂದ್ರೆ ಅವರ ಗೈರುಹಾಜರಿಯಲ್ಲೇ ವಿಚಾರಣೆ ನಡೆಯತ್ತೆ. ಆಗ್ಲೂ ನಿಮ್ಮ ಪ್ರಮಾಣಪತ್ರ, ದಾಖಲೆ ಸರಿಯಾಗಿರ್ಬೇಕು, ಬರ್ಲಿಲ್ಲ ಅಂದ್ರೆ ಗೆದ್ದ ಹಾಗೆ ಅಲ್ಲ.

ಹೇಳಿರೋ ದಿನ ತಪ್ದೇ ಹೋಗಿ. ನೀವೇ ಗೈರಾದ್ರೆ ದೂರು ವಜಾ ಆಗ್ಬೋದು. ಕಾಯ್ದೆಯಲ್ಲಿ ಇಂಥ ದೂರು, ಅಂದ್ರೆ ಲ್ಯಾಬ್ ಪರೀಕ್ಷೆ ಬೇಡದ್ದು, ಎದುರುದಾರರಿಗೆ ನೋಟಿಸ್ ತಲುಪಿದ ಮೂರು ತಿಂಗಳಲ್ಲಿ ಮುಗಿಯೋಕೆ ಪ್ರಯತ್ನ ಆಗ್ಬೇಕು ಅಂತಿದೆ, ನಡೆಯೋದು ಅದಕ್ಕಿಂತ ಉದ್ದ, ಆ ಲೆಕ್ಕ ಇಟ್ಕೊಂಡೇ ಇಳೀರಿ. ಮೇಷ್ಟ್ರದ್ದು ಇನ್ನೂ ನಡೀತಿದೆ. ಮಧ್ಯದಲ್ಲಿ ಕಂಪನಿ ವಕೀಲರು ಹೊರಗಡೆ ಸಿಕ್ಕಿ "ಕೇಸ್ ವಾಪಸ್ ತಗೊಳ್ಳಿ, ವಾರದಲ್ಲಿ ಹಾಕ್ಸ್ತೀವಿ" ಅಂದ್ರೆ, ರಾಜಿ ಒಪ್ಪಿಗೆ ಇದ್ರೆ ಇಬ್ರೂ ಸಹಿ ಮಾಡಿದ ಮೆಮೋ ಆಯೋಗದ ಮುಂದೆ ಹಾಕೋಣ, ದುಡ್ಡು ಜಮಾ ಆದ ದಿನವೇ ಮುಗಿಸೋಣ ಅಂತ ಹೇಳಿ.

ಆದೇಶ ನಿಮ್ಮ ಕಡೆ ಆದ್ರೆ ಕಂಪನಿಗೆ ರಾಜ್ಯ ಆಯೋಗಕ್ಕೆ ಅಪೀಲು ಹೋಗೋಕೆ 45 ದಿನ ಇರತ್ತೆ, ಅದಕ್ಕೆ ಆದೇಶದ ಮೊತ್ತದಲ್ಲಿ ಅರ್ಧ ಠೇವಣಿ ಇಡ್ಬೇಕು, ಸಣ್ಣ ಮೊತ್ತಕ್ಕೆ ಸಾಮಾನ್ಯವಾಗಿ ಹೋಗಲ್ಲ. ಅಪೀಲೂ ಇಲ್ಲ, ದುಡ್ಡೂ ಇಲ್ಲ ಅಂದ್ರೆ ಅದೇ ಆಯೋಗದಲ್ಲಿ ಆದೇಶ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸ್ದೇ ಇದ್ರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ಕ್ಕೆ ಕಮ್ಮಿ ಇಲ್ಲದ ದಂಡ, ಅಥವಾ ಎರಡೂ ಅಂತ ಕಾಯ್ದೆಯ 72ನೇ ಕಲಮಲ್ಲಿದೆ, ಆ ಕಲಂ ಹೆಸರು ಅರ್ಜಿಯಲ್ಲಿ ಬರ್ಲಿ.

ಇನ್ನು ಮೆಷಿನ್ ವಿಷ್ಯ. ದಾಖಲೆಯೆಲ್ಲ ಆಯೋಗಕ್ಕೆ ಸಲ್ಲಿಸಿ, ಫಿಲ್ಟರಿನ ಫೋಟೋ ವಿಡಿಯೋ ಒಳಗೆ ಹೋದ ಮೇಲೆ ಊರಿನ ಯಾವುದಾದ್ರೂ ನಂಬಿಕಸ್ತ ಮೆಕ್ಯಾನಿಕ್ ಹತ್ರ ಬಿಲ್ ತಗೊಂಡು ಸರ್ವಿಸ್ ಮಾಡ್ಸಿ, ಹಳೇ ಉಂಡೆ ಕವರಲ್ಲೇ ಇರ್ಲಿ. ಮುಂದಿನ ವರ್ಷ ನಿಮ್ಮ ಹಳೇ ಎಎಂಸಿ ಮುಗಿಯೋ ತಾರೀಕಿಗೆ ಒಂದು ವಾರ ಇರೋವಾಗ ಯುಪಿಐ ಆಪ್‌ನಲ್ಲಿ ಆ ಮ್ಯಾಂಡೇಟ್ ಲಿಸ್ಟ್ ಇನ್ನೊಂದ್ಸಲ ತೆಗ್ದು ನೋಡಿ. ಮೇಷ್ಟ್ರ ಕ್ಯಾಲೆಂಡರಲ್ಲಿ ಜೂನ್ 3ಕ್ಕೆ ಕೆಂಪು ಇಂಕಲ್ಲಿ ಸುತ್ತು ಹಾಕಿದೆ.